ಬೀಳುವ ಚಿಮಣಿಯ ಸೊಂಟ ಮುರಿಯುವುದು ಯಾಕೆ?

ನಮಸ್ಕಾರ. ಇವತ್ತು ಚಿಮಣಿ ಬಗ್ಗೆ ಮಾತಾಡೋಣ. ಉತ್ತರ ಕರ್ನಾಟಕದವರಿಗೆ ಈ ಮಾತು ಕೇಳಿದ ತಕ್ಷಣ ಸೀಮೆಎಣ್ಣೆ ಬುಡ್ಡಿ ನೆನಪಾಗಬಹುದು. ನಾನು ಹೇಳುತ್ತಿರುವುದು ಅದಲ್ಲ, ಕಾರ್ಖಾನೆಯ ಹೊಗೆ ಹೋಗುವ ಎತ್ತರದ ಇಟ್ಟಿಗೆ ಚಿಮಣಿ. ಮಂಗಳೂರಿನ ಕಡೆಯವರು ಹಂಚಿನ ಕಾರ್ಖಾನೆಗಳಲ್ಲಿ, ದಾವಣಗೆರೆಯವರು ಹತ್ತಿ ಗಿರಣಿಗಳಲ್ಲಿ ನೋಡಿದ್ದೀರಲ್ಲ, ಅದೇ.

ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯಲ್ಲಿ ಒಂದು ಕಾಲಕ್ಕೆ ಇಂಥ ಚಿಮಣಿಗಳ ಕಾಡೇ ಇತ್ತು. ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಚಿಮಣಿಗಳು ಮಾತ್ರ ನಿಂತೇ ಇದ್ದವು, ಅವನ್ನು ಬೀಳಿಸಲು ಜನ ಬೇಕಾಯಿತು. ಅಲ್ಲಿನ ಬೋಲ್ಟನ್ ಊರಿನ ಫ್ರೆಡ್ ಡಿಬ್ನಾ ಈ ಕೆಲಸಕ್ಕೆ ಹೆಸರಾದವನು. 2004ರಲ್ಲಿ ತೀರಿಕೊಂಡ. ಅವನು ಮದ್ದುಗುಂಡು ಇಡುತ್ತಿರಲಿಲ್ಲ. ಚಿಮಣಿ ಯಾವ ಕಡೆ ಬೀಳಬೇಕೋ ಆ ಕಡೆಯ ಬುಡದಲ್ಲಿ ಇಟ್ಟಿಗೆಗಳನ್ನು ಸ್ವಲ್ಪ ಸ್ವಲ್ಪವಾಗಿ ಕೀಳುವುದು, ಕಿತ್ತ ಜಾಗದಲ್ಲಿ ಮರದ ತುಂಡುಗಳ ಆಸರೆ ಕೊಡುವುದು, ಆಮೇಲೆ ಆ ಮರಕ್ಕೇ ಬೆಂಕಿ ಹಚ್ಚುವುದು. ಅಷ್ಟೇ. ಆಸರೆ ಸುಟ್ಟುಹೋಗುತ್ತದೆ, ಚಿಮಣಿ ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ನಿಧಾನವಾಗಿ ವಾಲಲು ಶುರು ಮಾಡುತ್ತದೆ.

ಆಮೇಲೆ ಆಗುವುದೇ ವಿಚಿತ್ರ. ಚಿಮಣಿ ಇನ್ನೂ ಗಾಳಿಯಲ್ಲೇ ಇದೆ, ನೆಲ ಮುಟ್ಟಿಲ್ಲ, ಯಾರೂ ಅದಕ್ಕೆ ಹೊಡೆದಿಲ್ಲ. ಆದರೂ ನಡುವಿನಲ್ಲಿ ಎಲ್ಲೋ ಬಿರುಕು ಬಿಟ್ಟು ಎರಡು ತುಂಡಾಗುತ್ತದೆ. ಇಟ್ಟಿಗೆ ಹಳೆಯದು, ಗಾರೆ ಸತ್ತಿತ್ತು, ಅದಕ್ಕೇ ಮುರಿಯಿತು ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಗಟ್ಟಿಮುಟ್ಟಾದ ಚಿಮಣಿಯೂ ಹಾಗೇ ಮುರಿಯುತ್ತದೆ. ಮಕ್ಕಳು ಪೇರಿಸಿದ ಮರದ ಬಿಲ್ಲೆಗಳ ಗೋಪುರವನ್ನು ಬುಡದಿಂದ ವಾಲಿಸಿದರೂ ಅದು ನೆಟ್ಟಗಿನ ಕೋಲಿನ ಹಾಗೆ ಬೀಳುವುದಿಲ್ಲ, ಬಾಗಿಕೊಂಡೇ ಬೀಳುತ್ತದೆ.

ಇದಕ್ಕೆ ಕಾರಣ ಹುಡುಕಲು ಮೊದಲು ಅಡುಗೆಮನೆಗೆ ಹೋಗೋಣ. ಅಂಗೈ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಲು ನೋಡಿ. ಆಗುವುದಿಲ್ಲ, ಟಕ್ಕಂತ ಬೀಳುತ್ತದೆ. ಈಗ ಒಂದು ಒನಕೆ ನಿಲ್ಲಿಸಿ. ಸ್ವಲ್ಪ ಕೈ ಆಡಿಸುತ್ತಾ ಇದ್ದರೆ ನಿಲ್ಲುತ್ತದೆ, ಯಾಕೆಂದರೆ ಅದು ವಾಲುವುದೇ ನಿಧಾನ. ಗಿಡ್ಡ ಕೋಲು ಬೇಗ ತಿರುಗಿ ಬೀಳುತ್ತದೆ, ಉದ್ದ ಕೋಲು ತಡವಾಗಿ. ಇಷ್ಟು ತಲೆಯಲ್ಲಿಟ್ಟುಕೊಳ್ಳಿ.

ಚಿಮಣಿಯ ಬುಡದ ಭಾಗ ಪೆನ್ಸಿಲ್ ಇದ್ದ ಹಾಗೆ. ಅದನ್ನಷ್ಟೇ ಬಿಟ್ಟರೆ ಬೇಗ ಬಿದ್ದುಬಿಡುತ್ತಿತ್ತು. ಮೇಲಿನ ಭಾಗಕ್ಕೆ ಆ ಆತುರ ಇಲ್ಲ. ಆದರೆ ಎರಡನ್ನೂ ಗಾರೆ ಹಾಕಿ ಒಂದು ಮಾಡಿದ್ದಾರೆ, ಹಾಗಾಗಿ ಜೊತೆಯಲ್ಲೇ ತಿರುಗಬೇಕು. ಕೆಳಗಿನದು ಮೇಲಿನದನ್ನು ಎಳೆಯುತ್ತದೆ, ಮೇಲಿನದು ಕೆಳಗಿನದನ್ನು ತಡೆಯುತ್ತದೆ. ಎತ್ತು ಏರಿಗೆ ಕೋಣ ನೀರಿಗೆ ಅನ್ನುತ್ತಾರಲ್ಲ, ಆ ಥರದ ಜೋಡಿ.

ಈ ಜಗಳದಲ್ಲಿ ರಾಜಿ ಆಗುವ ಜಾಗವೊಂದಿದೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಕೋಲಾದರೆ, ಬುಡದಿಂದ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿರುವ ಬಿಂದು ಯಾರ ಹಂಗೂ ಇಲ್ಲದೆ, ತಾನೊಂದೇ ಇದ್ದಿದ್ದರೆ ಹೇಗೆ ಬೀಳುತ್ತಿತ್ತೋ ಹಾಗೇ ಬೀಳುತ್ತದೆ. ಅದರ ಕೆಳಗಿರುವುದೆಲ್ಲ ತನ್ನ ಇಷ್ಟಕ್ಕಿಂತ ನಿಧಾನ, ಮೇಲಿರುವುದೆಲ್ಲ ತನ್ನ ಇಷ್ಟಕ್ಕಿಂತ ಜೋರು. ಚಿಮಣಿಯ ನೆತ್ತಿ ಅದಕ್ಕೂ ಮೇಲಿದೆ, ಅದರ ವೇಗ ಒಂದೂವರೆ ಪಟ್ಟು ಬಿರುಸಾಗಿ ಏರಬೇಕು. ಇಲ್ಲದಿದ್ದರೆ ಕೋಲು ನೆಟ್ಟಗಿರಲು ಸಾಧ್ಯವಿಲ್ಲ.

ನಂಬಿಕೆ ಬರದಿದ್ದರೆ ಒಂದು ಮೀಟರಿನ ಸ್ಕೇಲು ತಗೊಳ್ಳಿ. ಅದನ್ನು ಅಡ್ಡಲಾಗಿ ಹಿಡಿದು, ಸೊನ್ನೆ ಇರುವ ತುದಿಯನ್ನು ಮೇಜಿನ ಅಂಚಿಗೆ ಆನಿಸಿ, ಇನ್ನೊಂದು ತುದಿಗೆ ಬೆರಳು ಕೊಡಿ. ಮೇಲೆ 10 ಸೆಂಟಿಮೀಟರಿಗೆ ಒಂದರಂತೆ ರೂಪಾಯಿ ನಾಣ್ಯ ಇಡಿ. ಈಗ ಬೆರಳನ್ನು ಸರಕ್ಕನೆ ಕೆಳಗೆ ಎಳೆದುಕೊಳ್ಳಿ. ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಮಾಡಿದರೆ ಚೆನ್ನಾಗಿ ಕಾಣುತ್ತದೆ. 60ರವರೆಗಿನ ನಾಣ್ಯಗಳು ಸ್ಕೇಲಿನ ಮೇಲೇ ಕೂತಿರುತ್ತವೆ. 70, 80, 90ರವು ಗಾಳಿಯಲ್ಲಿ ಹಿಂದೆ ಉಳಿಯುತ್ತವೆ, ಸ್ಕೇಲು ಅವುಗಳ ಕಾಲಡಿಯಿಂದ ಜಾರಿ ಮುಂದೆ ಹೋಗಿರುತ್ತದೆ. ಆ ನಾಣ್ಯಗಳು ಸುಮ್ನೆ ಕೈಬಿಟ್ಟ ಕಲ್ಲಿನ ಹಾಗೆ ಬೀಳುತ್ತಿವೆ, ಸ್ಕೇಲಿನ ತುದಿ ಕಲ್ಲಿಗಿಂತ ಜೋರಾಗಿ ಬೀಳುತ್ತಿದೆ. ಗಡಿ ಇರುವುದು 67ರ ಹತ್ತಿರ, ಅಂದರೆ ಮೂರರಲ್ಲಿ ಎರಡು ಪಾಲು.

ಭೂಮಿ ಎಲ್ಲವನ್ನೂ ಒಂದೇ ಸಮ ಎಳೆಯುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರಲ್ಲ, ಅದು ಸುಳ್ಳಾ? ಇಲ್ಲ. ತುದಿಯನ್ನು ಭೂಮಿ ಒಂದೇ ಎಳೆಯುತ್ತಿಲ್ಲ, ಕೋಲಿನ ಉಳಿದ ಭಾಗವೂ ಎಳೆಯುತ್ತಿದೆ. 60 ಮೀಟರ್ ಎತ್ತರದ ಚಿಮಣಿ ಒಂದೇ ತುಂಡಾಗಿ ಬಿದ್ದರೆ ಅದರ ನೆತ್ತಿ ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅದೇ ಎತ್ತರದಿಂದ ಕೈಬಿಟ್ಟ ಕಲ್ಲು ಮುಟ್ಟುವುದು ಸುಮಾರು 123ರಲ್ಲಿ. ಈ ಹೆಚ್ಚಿನ ವೇಗ ಬಿಟ್ಟಿ ಬಂದದ್ದಲ್ಲ. ಚಿಮಣಿಯ ಅರ್ಧ ಎತ್ತರದಲ್ಲಿರುವ ಇಟ್ಟಿಗೆ 76ರ ವೇಗದಲ್ಲಿ ನೆಲ ಸೇರುತ್ತದೆ, ಒಂಟಿಯಾಗಿ ಬಿದ್ದಿದ್ದರೆ 87 ಇರುತ್ತಿತ್ತು. ಕೆಳಗಿನವರ ಪಾಲು ಮೇಲಿನವರಿಗೆ ಹೋಗಿದೆ, ಅಷ್ಟೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಆಗಬಾರದು. ಚಿಮಣಿ ವಾಲಲು ಶುರುವಾದ ಗಳಿಗೆಯಲ್ಲೇ ಅದರ ತುದಿಯಿಂದ ಒಂದು ಕಲ್ಲು ಬಿಟ್ಟರೆ, ಮೊದಲು ನೆಲ ಮುಟ್ಟುವುದು ಕಲ್ಲೇ. ಮೊದಮೊದಲು ಚಿಮಣಿ ಬಹಳ ಸೋಮಾರಿ. ನೆಟ್ಟಗಿನಿಂದ 42 ಡಿಗ್ರಿ ವಾಲುವವರೆಗೆ ಅದರ ನೆತ್ತಿಯ ವೇಗ ಕಲ್ಲಿನಷ್ಟು ಬಿರುಸಾಗಿ ಏರುವುದೇ ಇಲ್ಲ. ಅಂದರೆ ಕಲ್ಲನ್ನು ಮೀರಿಸುವ ಆಟವೆಲ್ಲ ಬೀಳುವಿಕೆಯ ಕೊನೆಯ ಭಾಗದಲ್ಲಿ.

ಅಷ್ಟು ಹೊತ್ತು ಚಿಮಣಿ ಒಂದೇ ತುಂಡಾಗಿ ಇರುತ್ತದಾ? ಈಗ ಅದನ್ನು ನೋಡೋಣ.

ನಮ್ಮ 60 ಮೀಟರಿನ ಚಿಮಣಿಯಲ್ಲಿ 20 ಮೀಟರ್ ಎತ್ತರದ ಒಂದು ಗಾರೆಯ ಸಾಲನ್ನು ಕಲ್ಪಿಸಿಕೊಳ್ಳಿ. ಅದರ ಮೇಲೆ 40 ಮೀಟರಿನ ತುಂಡು ಕೂತಿದೆ. ಆ ತುಂಡಿನ ನಡುಮಧ್ಯ ಎಲ್ಲಿ ಬರುತ್ತದೆ? ನೆಲದಿಂದ 40 ಮೀಟರಿನಲ್ಲಿ. ಅದೇ ನಮ್ಮ ರಾಜಿಯ ಜಾಗ, ಯಾರ ಹಂಗೂ ಇಲ್ಲದೆ ಬೀಳುವ ಬಿಂದು! ಹಾಗಾಗಿ ಮೇಲಿನ ತುಂಡನ್ನು ಒಟ್ಟಾಗಿ ಮುಂದಕ್ಕೆ ತಳ್ಳುವ ಕೆಲಸ ಕೆಳಗಿನ ತುಂಡಿಗೆ ಇಲ್ಲವೇ ಇಲ್ಲ. ಆದರೆ ಮೇಲಿನ ತುಂಡು ಬರೀ ಸಾಗಿದರೆ ಸಾಲದು, ಕೆಳಗಿನದರ ಜೊತೆ ತಿರುಗಲೂ ಬೇಕು. ತಾನಾಗಿ ಅದು ತಿರುಗುವುದಿಲ್ಲ. ಅದನ್ನು ತಿರುಗಿಸುವ ಪೂರ್ತಿ ಶ್ರಮ ಆ ಒಂದು ಗಾರೆಯ ಸಾಲಿನ ಮೇಲೆ ಬೀಳುತ್ತದೆ, ಬಗ್ಗಿಸುವ ಬಲವಾಗಿ. ಒಂದೇ ದಪ್ಪದ ಚಿಮಣಿಯಲ್ಲಿ ಈ ಬಗ್ಗಿಸುವ ಬಲ ಎಲ್ಲಕ್ಕಿಂತ ಜಾಸ್ತಿ ಇರುವುದು ಇಲ್ಲೇ, ಮೂರರಲ್ಲಿ ಒಂದು ಪಾಲು ಎತ್ತರದಲ್ಲಿ.

ಇಟ್ಟಿಗೆ ಎಷ್ಟು ಅದುಮಿದರೂ ತಡೆಯುತ್ತದೆ, ಜಗ್ಗಿದರೆ ಗಾರೆ ಬಿಟ್ಟುಕೊಳ್ಳುತ್ತದೆ. ನಿಂತಿರುವಾಗ ಮೇಲಿನ ಭಾರವೇ ಇಟ್ಟಿಗೆಗಳನ್ನು ಅದುಮಿ ಹಿಡಿದಿರುತ್ತದೆ. 20 ಮೀಟರ್ ಎತ್ತರದಲ್ಲಿ, ಗೋಡೆಯ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಹೆಚ್ಚುಕಡಿಮೆ ಏಳೂವರೆ ಕಿಲೋ ಭಾರ. ಚಿಮಣಿಯ ಒಳಗಿನ ಅಗಲ 4 ಮೀಟರ್, ಗೋಡೆ 40 ಸೆಂಟಿಮೀಟರ್ ದಪ್ಪ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. 20 ಡಿಗ್ರಿ ವಾಲುವ ಹೊತ್ತಿಗೆ ಬಗ್ಗಿಸುವ ಬಲದಿಂದಾಗುವ ಜಗ್ಗಾಟ ಅಲ್ಲಿ ಎಂಟೂವರೆ ಕಿಲೋ ಮುಟ್ಟುತ್ತದೆ. ವಾಲಿದ ಮೇಲೆ ಅದುಮುವ ಭಾರವೂ ಸ್ವಲ್ಪ ಇಳಿದು 6ರ ಹತ್ತಿರ ಬಂದಿರುತ್ತದೆ. ಅದುಮುವುದನ್ನು ಜಗ್ಗುವುದು ಮೀರಿಸಿತು.

ಸ್ವಲ್ಪ ಮೇಲೆ, 27 ಮೀಟರಿಗೆ ಹೋದರೆ ಜಗ್ಗಾಟ 8 ಕಿಲೋಗೆ ಇಳಿಯುತ್ತದೆ. ಆದರೆ ತಲೆ ಮೇಲಿನ ಭಾರವೂ ಕಡಿಮೆ, ಅದುಮುವುದು 5 ಮಾತ್ರ. ಅಂತರ ಇಲ್ಲೇ ಜಾಸ್ತಿ. ಹಾಗಾಗಿ ಬಗ್ಗಿಸುವ ಬಲ 20 ಮೀಟರಿನಲ್ಲಿ ಹೆಚ್ಚಿದ್ದರೂ ಚಿಮಣಿ ಬಿರಿಯುವುದು ಅದಕ್ಕಿಂತ ಮೇಲೆ, ನಡುವಿನ ಹತ್ತಿರ. ನಿಜವಾದ ಚಿಮಣಿ ಬುಡದಲ್ಲಿ ದಪ್ಪ, ಮೇಲೆ ಸಣ್ಣ, ಅದರಿಂದ ಜಾಗ ಇನ್ನಷ್ಟು ಹಿಂದೆ ಮುಂದೆ ಆಗುತ್ತದೆ. ಆದರೆ ಕಾರಣ ಇದೇ.

ನನಗೆ ಇದರಲ್ಲಿ ಜಾಸ್ತಿ ಖುಷಿ ಕೊಡುವ ವಿಷಯ ಹೇಳಿಬಿಡುತ್ತೇನೆ. ನೆತ್ತಿ ಕಲ್ಲನ್ನು ಮೀರಿಸಲು 42 ಡಿಗ್ರಿ ಬೇಕು, ನಮ್ಮ ಚಿಮಣಿ 20ರಲ್ಲೇ ಮುರಿಯಿತು. ಅಂದರೆ ನೆತ್ತಿಯನ್ನು ಅಷ್ಟು ಜೋರಾಗಿ ಎಳೆಯಬೇಕಾಗಿದ್ದ ಬಲವೇ, ಎಳೆದು ಮುಗಿಸುವ ಮೊದಲೇ ಸೊಂಟ ಮುರಿಯಿತು. ಇಟ್ಟಿಗೆ ಚಿಮಣಿಯಲ್ಲಿ ಆ ಒಂದೂವರೆ ಪಟ್ಟು ಎಷ್ಟೋ ಸಲ ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿಯುತ್ತದೆ. ಸ್ಕೇಲಿಗೆ, ಉಕ್ಕಿನ ಕೊಳವೆಗೆ, ತೋಟದ ಹಸಿ ಅಡಿಕೆ ಮರಕ್ಕೆ ಜಗ್ಗಾಟ ತಡೆಯುವ ಶಕ್ತಿ ಇದೆ, ಅವು ಒಂದೇ ತುಂಡಾಗಿ ಬಿದ್ದು ಆ ವೇಗ ಮುಟ್ಟುತ್ತವೆ.

ಬಿರುಕು ಯಾವ ಕಡೆ ಬಾಯಿ ಬಿಡುತ್ತದೆ ಅಂತ ಕೇಳಿದರೆ ತುಂಬ ಜನ ಬೆನ್ನಿನ ಕಡೆ ಅನ್ನುತ್ತಾರೆ. ತಪ್ಪು. ಹಿಂದೆ ಉಳಿಯುವುದು ಮೇಲಿನ ತುಂಡು, ಮುಂದೆ ಹೋಗುವುದು ಬುಡ. ಹಾಗಾಗಿ ಬಾಯಿ ಬಿಡುವುದು ಬೀಳುತ್ತಿರುವ ಕಡೆಯ ಹೊಟ್ಟೆಭಾಗ, ಬೆನ್ನಿನ ಇಟ್ಟಿಗೆಗಳು ಒಂದಕ್ಕೊಂದು ಅಪ್ಪಚ್ಚಿಯಾಗುತ್ತವೆ. ಚಿಮಣಿ ಬೀಳುವ ವಿಡಿಯೊ ಸಿಕ್ಕರೆ ಸರಿಯಾಗಿ ಮುರಿಯುವ ಹೊತ್ತಿಗೆ ನಿಲ್ಲಿಸಿ ನೋಡಿ. ಸೊಂಟ ಮುಂದೆ ಹೋಗಿ ತಲೆ ಹಿಂದೆ ವಾಲಿದ ಆಕಾರ ಕಾಣುತ್ತದೆ. ಮುರಿದ ಮೇಲೆ ಮೇಲಿನ ತುಂಡನ್ನು ತಿರುಗಿಸುವವರು ಯಾರೂ ಇಲ್ಲ, ಅದು ಬುಡದ ತುಂಡಿನಷ್ಟು ಅಡ್ಡ ಬೀಳದೆ ಜಾಸ್ತಿ ನೆಟ್ಟಗೇ ಕೆಳಗಿಳಿಯುತ್ತದೆ. ಅದಕ್ಕೇ 60 ಮೀಟರಿನ ಚಿಮಣಿಯ ನೆತ್ತಿ 60 ಮೀಟರ್ ದೂರದಲ್ಲಿ ಸಿಗುವುದಿಲ್ಲ, ಅದಕ್ಕಿಂತ ಈಚೆಗೇ ಇಟ್ಟಿಗೆ ರಾಶಿಯಲ್ಲಿ ಹೂತಿರುತ್ತದೆ.