ಸಾವೊ ಪೌಲೊದಲ್ಲಿ ಕೆನ್ನೆಗೆ ಕೆನ್ನೆ

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಇನ್ನು ಕೆಲವೇ ವಾರಗಳಲ್ಲಿ ಕೆಲಸಕ್ಕೆಂದು ಬ್ರೆಜಿಲಿಗೆ ಹೊರಡುತ್ತಿದ್ದೀರಿ. ವೀಸಾ, ಬಾಡಿಗೆ ಮನೆ, ಬ್ಯಾಂಕು ಇವುಗಳ ಬಗ್ಗೆ ಹೇಳೋಕೆ ಬೇರೆಯವರಿದ್ದಾರೆ. ಅಲ್ಲಿನ ಜನರ ಸ್ನೇಹವನ್ನು ನಾನು ಹೇಗೆ ತಪ್ಪಾಗಿ ಅರ್ಥ ಮಾಡಿಕೊಂಡೆ, ಆಮೇಲೆ ಹೇಗೆ ಸರಿಯಾಗಿ ಕಲಿತೆ ಅನ್ನೋದನ್ನು ನಾನು ಹೇಳುತ್ತೇನೆ.

ನಾನು ಎರಡು ವರ್ಷ ಸಾವೊ ಪೌಲೊದಲ್ಲಿದ್ದೆ. ಮೊದಲ ದಿನ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಹುಡುಗಿ ಎದ್ದು ಬಂದಳು. ನಾನು ಕೈ ಚಾಚಿದೆ. ಅವಳು ಆ ಕೈಯನ್ನು ಹಿಡಿದುಕೊಂಡೇ ಹತ್ತಿರ ಬಂದು, ಕೆನ್ನೆಗೆ ಕೆನ್ನೆ ತಾಗಿಸಿ, ಗಾಳಿಯಲ್ಲಿ ಮುತ್ತಿನ ಸದ್ದು ಮಾಡಿದಳು. ನಾನು ಅರ್ಧ ಹೆಜ್ಜೆ ಹಿಂದೆ ಸರಿದೆ. ಆಮೇಲೆ ದಿನವೂ ಇದೇ. ಮಾತಾಡುವಾಗ ತೋಳು ಮುಟ್ಟುವುದು, ನನ್ನನ್ನು ‘ಮೆವು ಕೆರಿದು’ ಅಂದರೆ ‘ನನ್ನ ಪ್ರೀತಿಯವನೇ’ ಎಂದು ಕರೆಯುವುದು, ಮೆಸೇಜಿನ ಕೊನೆಗೆ ‘ಬೇಜು’, ಅಂದರೆ ‘ಮುತ್ತು’, ಎಂದು ಬರೆಯುವುದು. ಒಂದು ಶುಕ್ರವಾರ ಹೊರಡುವಾಗ, ‘ಅಪರೆಸಿ ಲಾ ಎಂ ಕಾಜ’, ಯಾವಾಗಲಾದರೂ ಮನೆ ಕಡೆ ಬಾ, ಅಂದಳು.

ಮಂಡ್ಯದ ಕಡೆ ಬೆಳೆದ ಹುಡುಗನಿಗೆ ಇದೆಲ್ಲ ಸೇರಿ ಒಂದೇ ಅರ್ಥ ಕೊಟ್ಟಿತು. ಭಾನುವಾರ ನಾನೇ ಮೆಸೇಜು ಮಾಡಿದೆ: ‘ಇವತ್ತು ನಾಲ್ಕು ಗಂಟೆಗೆ ಬರಲಾ?’ ಉತ್ತರ ಬಂತು: ಅಯ್ಯೋ, ಇವತ್ತಾಗಲ್ಲ, ‘ವಾಮುಸ್ ಮಾರ್ಕಾರ್’, ಒಂದು ದಿನ ಗೊತ್ತು ಮಾಡೋಣ. ಮುಂದಿನ ವಾರವೂ ವಾಮುಸ್ ಮಾರ್ಕಾರ್. ಅದರ ಮುಂದಿನ ವಾರವೂ ಅದೇ. ದಿನ ಮಾತ್ರ ಗೊತ್ತಾಗಲಿಲ್ಲ. ಇವಳು ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿತು. ಅವಳ ಜೊತೆ ಮಾತು ಕಡಿಮೆ ಮಾಡಿದೆ.

ನನ್ನ ಕಣ್ಣು ತೆರೆಸಿದವರು ಅದೇ ಆಫೀಸಿನ ಒಬ್ಬ ಹಿರಿಯ ಹೆಂಗಸು. ಅವರು ಮಿನಾಸ್ ಜೆರೈಸ್ ರಾಜ್ಯದವರು. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ‘ಅವಳು ಉಳಿದವರಿಗೆ ಹೇಗೆ ಹಲೋ ಹೇಳ್ತಾಳೆ, ನೋಡಿದ್ದೀಯಾ?’ ನಾನು ನೋಡಿರಲೇ ಇಲ್ಲ. ಮಾರನೆಯ ದಿನ ನೋಡಿದೆ. ಬಾಗಿಲ ಹತ್ತಿರದ ರಿಸೆಪ್ಷನ್ ಹುಡುಗಿ, ಕಾಫಿ ತರುವ ಅಜ್ಜಿ, ಆಗತಾನೆ ಪರಿಚಯವಾದ ಬೇರೆ ಕಂಪನಿಯ ಗಂಡಸು, ಎಲ್ಲರಿಗೂ ಅದೇ ಕೆನ್ನೆ, ಅದೇ ಸದ್ದು. ಎಲ್ಲರ ತೋಳನ್ನೂ ಮುಟ್ಟುತ್ತಿದ್ದಳು. ನನಗೆ ಸಿಕ್ಕಿದ್ದು ಎಲ್ಲರಿಗೂ ಸಿಗುವುದೇ.

ಆ ಹಿರಿಯರು ಇನ್ನೂ ಹೇಳಿದರು. ಸಾವೊ ಪೌಲೊದಲ್ಲಿ ಸಾಮಾನ್ಯವಾಗಿ ಒಂದು ಮುತ್ತು, ರಿಯೊದಲ್ಲಿ ಎರಡು, ತಮ್ಮ ಮಿನಾಸ್ ಕಡೆ ಎಷ್ಟೋ ಜನ ಮೂರು. ಗಂಡಸು ಗಂಡಸರ ನಡುವೆ ಕೈಕುಲುಕಿ, ಬೆನ್ನು ತಟ್ಟಿ ಒಂದು ಅಪ್ಪುಗೆ. ತುಟಿ ಕೆನ್ನೆಗೆ ತಾಗುವುದೂ ಕಡಿಮೆ. ಅಲ್ಲಿ ಇದು ನಮಸ್ಕಾರದ ಜಾಗದಲ್ಲಿ ನಿಂತಿದೆ. ನಮಸ್ಕಾರ ಮಾಡಿದವರೆಲ್ಲ ನಮ್ಮನ್ನು ಪೂಜಿಸುತ್ತಿದ್ದಾರೆ ಅಂತ ನಾವು ತಿಳಿಯುವುದಿಲ್ಲ, ಅಲ್ವಾ?

ಮಾತಿನ ಕಥೆಯೂ ಹಾಗೇ. ಬೆಳಿಗ್ಗೆ ಬ್ರೆಡ್ಡು ಕಾಫಿ ಮಾರುವ ಅಂಗಡಿಗೆ ಹೋದರೆ, ಕೌಂಟರಿನ ಹೆಂಗಸು ‘ಏನು ಕೊಡಲಿ, ಮೆವು ಅಮೋರ್?’ ಅನ್ನಬಹುದು. ಶಬ್ದಕ್ಕೆ ಶಬ್ದ ಇಟ್ಟರೆ ‘ನನ್ನ ಪ್ರೇಮವೇ’. ಆದರೆ ನಮ್ಮ ಸಂತೆಯಲ್ಲಿ ಸೊಪ್ಪು ಮಾರುವವಳು ‘ಬಾ ತಾಯಿ, ಎರಡು ಕಟ್ಟು ತಗೋ’ ಅನ್ನುತ್ತಾಳಲ್ಲ, ಅದೇ ತೂಕ ಅದಕ್ಕೆ. ಕಂಡಕ್ಟರು ‘ಮುಂದೆ ಹೋಗಣ್ಣ’ ಅಂದರೆ ನಾವು ಅವನ ಒಡಹುಟ್ಟಿದವರಾಗುವುದಿಲ್ಲ. ಹಾಗಂತ ಆ ‘ತಾಯಿ’ ಸುಳ್ಳೂ ಅಲ್ಲ. ಅದರಲ್ಲಿ ಒಂದಿಷ್ಟು ಬೆಚ್ಚಗಿನ ಭಾವ ನಿಜವಾಗಿಯೂ ಇದೆ. ಅವಳ ‘ಕೆರಿದು’ ಕೂಡ ಹಾಗೇ ನಿಜ. ಆ ನಿಜದ ಮೇಲೆ ನಾನು ಇಲ್ಲದ ಅರ್ಥ ಹೇರಿದ್ದೆ.

ಮನೆಗೆ ಕರೆದ ವಿಷಯಕ್ಕೆ ಅವರು ಒಂದು ಗುರುತು ಹೇಳಿಕೊಟ್ಟರು. ದಿನ ಇಲ್ಲದ, ಗಂಟೆ ಇಲ್ಲದ, ವಿಳಾಸ ಇಲ್ಲದ ಕರೆ ಅಂದರೆ ‘ನೀನಂದ್ರೆ ನನಗೆ ಇಷ್ಟ’ ಅಂತ ಅಷ್ಟೇ. ‘ಶನಿವಾರ ಒಂದು ಗಂಟೆಗೆ ಬಾ, ಬರುವಾಗ ಐಸ್ ತಗೊಂಡು ಬಾ’ ಅಂದರೆ ಅದು ಕರೆ. ನಮ್ಮಲ್ಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು ‘ಮನೆ ಕಡೆ ಬನ್ನಿ’ ಅಂದರೆ ಯಾರೂ ಅದೇ ಸಂಜೆ ಹೋಗಿ ಬಾಗಿಲು ತಟ್ಟುವುದಿಲ್ಲ. ನಮ್ಮ ಭಾಷೆಯಲ್ಲಿ ಗೊತ್ತಿದ್ದ ಈ ಸಂಗತಿಯನ್ನು ಬೇರೆ ಭಾಷೆಯಲ್ಲಿ ನಾನು ಗುರುತಿಸಲಿಲ್ಲ.

1960ರ ದಶಕದಲ್ಲಿ ಸಿಡ್ನಿ ಜುರಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ನಾಲ್ಕು ಊರುಗಳ ಕಾಫಿ ಅಂಗಡಿಗಳಲ್ಲಿ ಕೂತು, ಜೊತೆಗೆ ಕೂತ ಇಬ್ಬರು ಒಂದು ಗಂಟೆಯಲ್ಲಿ ಎಷ್ಟು ಸಲ ಒಬ್ಬರನ್ನೊಬ್ಬರು ಮುಟ್ಟುತ್ತಾರೆ ಎಂದು ಎಣಿಸಿದರು. ಪೋರ್ಟೊ ರಿಕೊದ ಸಾನ್ ಹುವಾನಿನಲ್ಲಿ 180 ಸಲ, ಪ್ಯಾರಿಸ್ಸಿನಲ್ಲಿ 110, ಅಮೆರಿಕದ ಗೇನ್ಸ್‌ವಿಲ್ಲಿನಲ್ಲಿ 2, ಲಂಡನ್ನಿನಲ್ಲಿ ಸೊನ್ನೆ. ಅದು ದೊಡ್ಡ ಅಧ್ಯಯನವಲ್ಲ, ಒಂದು ಸಣ್ಣ ನೋಟ ಅಷ್ಟೇ. ಆದರೂ ಯೋಚಿಸಿ. 180 ಸಲ ಮುಟ್ಟುವ ಊರಿನಲ್ಲಿ ಒಂದು ಸಲ ಮುಟ್ಟಿದ್ದು ಏನನ್ನೂ ಹೇಳುವುದಿಲ್ಲ. ಸೊನ್ನೆ ಇರುವ ಊರಿನಲ್ಲಿ ಅದೇ ಒಂದು ಸಲ ಬಹಳ ಹೇಳುತ್ತದೆ.

ಹಾಗಾದರೆ ಅಲ್ಲಿ ಒಬ್ಬರು ನಿಜವಾಗಿಯೂ ಸ್ನೇಹಕ್ಕಿಂತ ಜಾಸ್ತಿ ಬಯಸಿದರೆ ತಿಳಿಯುವುದು ಹೇಗೆ? ಎಲ್ಲರಿಗೂ ಮಾಡದೆ ನಿಮಗೆ ಮಾತ್ರ ಮಾಡಿದ್ದು ಯಾವುದು ಎಂದು ನೋಡಿ. ಗುಂಪು ಬಿಟ್ಟು ನಿಮ್ಮೊಬ್ಬರನ್ನೇ ಕರೆದರೆ, ಅದಕ್ಕೆ ದಿನ ಗಂಟೆ ಗೊತ್ತು ಮಾಡಿದರೆ, ಆಗದಿದ್ದಾಗ ತಾವೇ ಇನ್ನೊಂದು ದಿನ ಹೇಳಿದರೆ, ಅದು ಬೇರೆ. ಅಷ್ಟಾದರೂ ಅದು ಊಹೆಯೇ. ಕೊನೆಗೆ ಬಾಯಿ ಬಿಟ್ಟು ಕೇಳಬೇಕು, ಅವರು ಬೇಡ ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಈ ಮಾತನ್ನು ಒತ್ತಿ ಹೇಳುತ್ತೇನೆ. ಮುಟ್ಟಿ ಮಾತಾಡುವ ದೇಶ ಅಂದರೆ ಯಾರನ್ನು ಹೇಗೆ ಬೇಕಾದರೂ ಮುಟ್ಟಬಹುದು ಅಂತಲ್ಲ. ಒಪ್ಪಿಗೆ ಇಲ್ಲದೆ ಕಾಮದ ಉದ್ದೇಶದಿಂದ ಮುಟ್ಟುವುದನ್ನು ಬ್ರೆಜಿಲ್ 2018ರ ಕಾನೂನಿನಲ್ಲಿ ಪ್ರತ್ಯೇಕ ಅಪರಾಧ ಮಾಡಿದೆ. ಅದಕ್ಕೆ 1ರಿಂದ 5 ವರ್ಷ ಜೈಲು.

ನನಗೆ ಹೆಚ್ಚು ನೋವಾದ ಸಂಗತಿ ಇನ್ನೊಂದಿದೆ. ಅವಳೂ ನನ್ನನ್ನು ತಪ್ಪಾಗಿ ಓದಿದ್ದಳು. ನಾನು ಅವಳ ಹತ್ತಿರ ಎಲ್ಲವನ್ನೂ ಬಿಡಿಸಿ ಹೇಳಿದ ದಿನ ಅವಳು ಹೇಳಿದಳು: ‘ನೀನು ಮೊದಲ ದಿನವೇ ಹಿಂದೆ ಸರಿದೆ. ಸಂಜೆ ಯಾರಿಗೂ ಹೇಳದೆ ಬ್ಯಾಗು ಎತ್ತಿಕೊಂಡು ಹೋಗ್ತಿದ್ದೆ. ನಿನಗೆ ನಾವು ಯಾರೂ ಹಿಡಿಸಲಿಲ್ಲ ಅಂದುಕೊಂಡಿದ್ದೆ.’ ನಾನು ಮರ್ಯಾದೆ ಎಂದು ಕಾಯ್ದುಕೊಂಡ ದೂರ ಅವಳಿಗೆ ತಿರಸ್ಕಾರವಾಗಿ ಕಂಡಿತ್ತು. ಆ ದಿನದಿಂದ ಹೊರಡುವಾಗ ಪ್ರತಿಯೊಬ್ಬರ ಮೇಜಿನ ಹತ್ತಿರ ನಿಂತು ಹೇಳಿ ಹೋಗೋಕೆ ಶುರು ಮಾಡಿದೆ. ಹತ್ತು ನಿಮಿಷ ಹಿಡಿಯುತ್ತಿತ್ತು. ಸ್ವಲ್ಪ ದಿನಕ್ಕೇ ಅವಳ ಮನೆಯಿಂದ ಕರೆ ಬಂತು. ಶನಿವಾರ, ಒಂದು ಗಂಟೆ, ಐಸ್.

ಈಗ ನಾವು ಒಳ್ಳೆಯ ಗೆಳೆಯರು. ಹೋದ ವರ್ಷ ಅವಳು ಬೆಂಗಳೂರಿಗೆ ಬಂದಿದ್ದಳು. ಮಲ್ಲೇಶ್ವರದಲ್ಲಿ ಇಬ್ಬರು ಹುಡುಗರು ಕಿರುಬೆರಳು ಹೆಣೆದುಕೊಂಡು ನಡೆಯುತ್ತಿದ್ದರು. ‘ಪ್ರೇಮಿಗಳಾ?’ ಎಂದು ಕೇಳಿದಳು. ಇರಬಹುದು, ಆದರೆ ಇಲ್ಲಿ ಗೆಳೆಯರೂ ಹೀಗೇ ನಡೆಯುತ್ತಾರೆ ಅಂದೆ. ಸಂಜೆ ನಮ್ಮ ಮನೆಯಿಂದ ಹೊರಡುವಾಗ ಅಮ್ಮ ಅವಳ ಕೈ ಹಿಡಿದು ‘ಮತ್ತೆ ಬಾಮ್ಮ’ ಅಂದರು. ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: ‘ಇದು ಅಪರೆಸಿನಾ, ಅಥವಾ ನಿಜವಾಗ್ಲೂ ಕರೀತಿದ್ದಾರಾ?’ ನಾನು ಉತ್ತರ ಹುಡುಕುವಷ್ಟರಲ್ಲಿ ಅಮ್ಮನೇ ಕೇಳಿದರು: ‘ಭಾನುವಾರ ಬೆಳಿಗ್ಗೆ ಬರ್ತಾಳಾ ಕೇಳೋ. ಬರೋದಾದ್ರೆ ಶನಿವಾರ ಮಧ್ಯಾಹ್ನವೇ ದೋಸೆಗೆ ಅಕ್ಕಿ ನೆನೆಹಾಕ್ಬೇಕು.’