ಬಿಡುಗಡೆಯೋ, ಖುಲಾಸೆಯೋ?

ಕೇಳುಗರಿಗೆ ನಮಸ್ಕಾರ. ಕಾನೂನು ಪರೀಕ್ಷೆಗೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಪ್ರಶ್ನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಓದಿ, ಡಿಸ್ಚಾರ್ಜ್ ಮತ್ತು ಅಕ್ವಿಟಲ್ ಎಂಬ ಎರಡು ಆಯ್ಕೆಗಳ ನಡುವೆ ಎಡವುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಡಿಸ್ಚಾರ್ಜ್ ಎಂದರೆ ಆರೋಪದಿಂದ ಬಿಡುಗಡೆ. ಅಕ್ವಿಟಲ್ ಎಂದರೆ ಖುಲಾಸೆ, ಅಂದರೆ ದೋಷಮುಕ್ತಿ. ಆದರೆ ಜಾಮೀನು ಸಿಕ್ಕವನಿಗೂ, ಖುಲಾಸೆಯಾದವನಿಗೂ ನಾವು ‘ಬಿಡುಗಡೆಯಾಯಿತು’ ಎಂದೇ ಹೇಳುವುದರಿಂದ ಗೊಂದಲ ಹುಟ್ಟುತ್ತದೆ. ಆದ್ದರಿಂದ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನ್ಯಾಯಾಲಯ ಆರೋಪ ಹೊರಿಸುವ ಮೊದಲೋ, ನಂತರವೋ?

ನನ್ನ ಬಳಿ ಬಂದಿದ್ದ ಒಬ್ಬ ಕಕ್ಷಿದಾರರ ಮೇಲೆ ಅಡಿಕೆ ಕಳವಿನ ಪ್ರಕರಣವಿತ್ತು. ಪೊಲೀಸರು ಸಲ್ಲಿಸಿದ ದೋಷಾರೋಪಣ ಪಟ್ಟಿಯನ್ನೂ ದಾಖಲೆಗಳನ್ನೂ ಪರಿಶೀಲಿಸಿದ ಮ್ಯಾಜಿಸ್ಟ್ರೇಟರು, ಆರೋಪಕ್ಕೆ ಆಧಾರವೇ ಇಲ್ಲವೆಂದು ಆತನನ್ನು ಬಿಡುಗಡೆಗೊಳಿಸಿದರು. ಆತ ಊರಿಗೆಲ್ಲ ಸಿಹಿ ಹಂಚಿ, ತಾನು ನಿರಪರಾಧಿ ಎಂದು ತೀರ್ಪಾಗಿದೆ ಎಂದು ಹೇಳಿಕೊಂಡು ಓಡಾಡಿದ. ಕೆಲವು ತಿಂಗಳ ನಂತರ ಕಳವಾದ ಮಾಲನ್ನು ಕೊಂಡ ವ್ಯಾಪಾರಿ ಪತ್ತೆಯಾಗಿ, ಅವನ ಹೇಳಿಕೆಯೊಂದಿಗೆ ಹೆಚ್ಚುವರಿ ವರದಿ ಬಂತು, ಸಮನ್ಸೂ ಬಂತು. ‘ಒಮ್ಮೆ ಬಿಟ್ಟ ಮೇಲೆ ಮತ್ತೆ ಕರೆಯುವುದು ಯಾವ ನ್ಯಾಯ ಸ್ವಾಮಿ?’ ಎಂದು ಆತ ಸಿಟ್ಟಾದ. ನ್ಯಾಯಾಲಯ ಆತನ ವಿಚಾರಣೆಯನ್ನು ಆರಂಭಿಸಿಯೇ ಇರಲಿಲ್ಲ, ಹೀಗಿರುವಾಗ ತೀರ್ಪು ಎಲ್ಲಿಂದ ಬರಬೇಕು? ಆರೋಪ ಹೊರಿಸಿ, ಸಾಕ್ಷಿಗಳನ್ನು ವಿಚಾರಿಸಿ, ಕೊನೆಗೆ ಖುಲಾಸೆ ಮಾಡಿದ್ದರೆ, ಆ ತೀರ್ಪು ಮೇಲ್ಮನವಿಯಲ್ಲಿ ರದ್ದಾಗದಿರುವವರೆಗೆ ಅದೇ ಅಪರಾಧಕ್ಕೆ ಆತನನ್ನು ಮತ್ತೆ ವಿಚಾರಣೆಗೆ ಒಳಪಡಿಸುವಂತಿರಲಿಲ್ಲ.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಮಿನ ವಿವರಣೆಯಲ್ಲಿ ‘ಡಿಸ್ಚಾರ್ಜ್ ಖುಲಾಸೆಯಲ್ಲ’ ಎಂಬುದು ಸ್ಪಷ್ಟವಾಗಿಯೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ನಿಯಮ 337ನೇ ಕಲಮಿನಲ್ಲಿದೆ. ನನ್ನ ಕಕ್ಷಿದಾರರನ್ನು ಬಿಟ್ಟ ಹಳೆಯ 239ನೇ ಕಲಮು ಈಗ 262 ಆಗಿದೆ.

ಇಲ್ಲಿ ದಯವಿಟ್ಟು ಗಮನಿಸಿ: ಪೊಲೀಸರು ದೋಷಾರೋಪಣ ಪಟ್ಟಿ ಸಲ್ಲಿಸಿದ ಮಾತ್ರಕ್ಕೆ ಆರೋಪ ಹೊರಿಸಿದಂತಾಗುವುದಿಲ್ಲ. ಆರೋಪ ಹೊರಿಸುವುದು ನ್ಯಾಯಾಲಯದ ಕೆಲಸ. ಎಷ್ಟು ಬಾರಿ ಹೇಳಿದರೂ ಇದನ್ನು ಮರೆಯುವವರಿದ್ದಾರೆ! ಪ್ರಶ್ನೆಯಲ್ಲಿ ‘ಆರೋಪ ಆಧಾರರಹಿತ’ ಎಂಬ ಮಾತಿದ್ದರೆ ಉತ್ತರ ಡಿಸ್ಚಾರ್ಜ್. ‘ತಪ್ಪಿತಸ್ಥನಲ್ಲವೆಂದು ಕಂಡುಬಂದರೆ’ ಎಂದಿದ್ದರೆ ಖುಲಾಸೆ. ಕನ್ನಡದ ಆಯ್ಕೆಯಲ್ಲಿ ಬರಿಯ ‘ಬಿಡುಗಡೆ’ ಎಂದಷ್ಟೇ ಇದ್ದರೆ ಇಂಗ್ಲಿಷ್ ಆಯ್ಕೆಯನ್ನೂ ನೋಡಿ, ನಂತರವೇ ಗುರುತು ಹಾಕಿ.

ಸಮಯ ಮುಗಿಯುತ್ತಾ ಬಂದಿದೆ, ಇನ್ನೊಂದೇ ವಿಷಯ. ಸರ್ಕಾರಿ ಅಭಿಯೋಜಕರು ನ್ಯಾಯಾಲಯದ ಒಪ್ಪಿಗೆ ಪಡೆದು ಪ್ರಕರಣವನ್ನು ಹಿಂತೆಗೆದುಕೊಂಡರೆ ಆರೋಪಿಯ ಗತಿಯೇನು ಎಂದು ಪರೀಕ್ಷೆಯಲ್ಲಿ ಕೇಳುವುದುಂಟು. ಹೊಸ ಸಂಹಿತೆಯ 360ನೇ ಕಲಮಿನ ಪ್ರಕಾರ, ಆರೋಪ ಹೊರಿಸುವ ಮೊದಲಾದರೆ ಡಿಸ್ಚಾರ್ಜ್, ಹೊರಿಸಿದ ನಂತರವಾದರೆ ಖುಲಾಸೆ. ನಮಸ್ಕಾರ.