ಮೊದಲೇ x + iy ಹಾಕಬೇಡಿ

ನಮಸ್ಕಾರ. ಇವತ್ತು ಒಂದು ತಕರಾರಿನಿಂದಲೇ ಶುರು ಮಾಡುತ್ತೇನೆ.

ಸಂಕೀರ್ಣ ಸಂಖ್ಯೆಗಳ ಒಂದು ಲೆಕ್ಕ ಹೀಗಿದೆ ಅಂದುಕೊಳ್ಳಿ: |z − 3 − 4i| = 2. ಇದಕ್ಕೆ ಹೊಂದುವ z ಬಿಂದುಗಳೆಲ್ಲ ಸೇರಿ ಯಾವ ಆಕಾರ ಆಗುತ್ತದೆ? ಪ್ರಶ್ನೆ ಓದಿದ ತಕ್ಷಣ ಕೈ ತಾನಾಗಿಯೇ z = x + iy ಅಂತ ಬರೆದುಬಿಡುತ್ತದೆ. ಆಮೇಲೆ ವಾಸ್ತವ ಭಾಗ ಬೇರೆ, ಕಾಲ್ಪನಿಕ ಭಾಗ ಬೇರೆ, ವರ್ಗ, ವರ್ಗಮೂಲ. ನಾಲ್ಕೈದು ಸಾಲು ಇಳಿದ ಮೇಲೆ (x − 3)² + (y − 4)² = 4 ಬರುತ್ತದೆ. ಆಗ ನೆನಪಾಗುತ್ತದೆ, ಓ, ಇದು ವೃತ್ತ!

ಉತ್ತರ ಸರಿ. ಆದರೂ ನನ್ನ ತಕರಾರು ಇದೆ. ಆ ವೃತ್ತ ಮೊದಲ ಸಾಲಿನಲ್ಲೇ ಕೂತಿತ್ತು, ನಾವು ಅದನ್ನು ಓದಲಿಲ್ಲ ಅಷ್ಟೇ.

|z − a| ಅಂದರೆ ಏನು? z ಒಂದು ಬಿಂದು, a ಇನ್ನೊಂದು ಬಿಂದು. ಅವೆರಡರ ನಡುವಿನ ದೂರವೇ |z − a|. ಈಗ ನಮ್ಮ ಸಮೀಕರಣವನ್ನು ಕಂಸ ಹಾಕಿ ಬರೆಯಿರಿ: |z − (3 + 4i)| = 2. ಕನ್ನಡದಲ್ಲಿ ಓದಿ: "z ಅನ್ನೋದು 3 + 4i ಇಂದ ಯಾವಾಗಲೂ 2 ದೂರದಲ್ಲಿದೆ." ಕೈವಾರದ ಮುಳ್ಳನ್ನು 3 + 4i ಮೇಲೆ ಊರಿ, 2 ಅಗಲ ಬಿಡಿಸಿ, ತಿರುಗಿಸಿದರೆ ಮುಗಿಯಿತು. ಕೇಂದ್ರ ಸಿಕ್ಕಿತು, ತ್ರಿಜ್ಯ ಸಿಕ್ಕಿತು.

ಹೀಗೆ ಓದಿದರೆ ಮುಂದಿನ ಪ್ರಶ್ನೆಯೂ ಸಲೀಸು. ಈ ವೃತ್ತದ ಮೇಲೆ |z| ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಅಂತ ಕೇಳುತ್ತಾರೆ. |z| ಅಂದರೆ ಮೂಲಬಿಂದುವಿನಿಂದ ದೂರ. ಕೇಂದ್ರ ಮೂಲಬಿಂದುವಿನಿಂದ 5 ದೂರದಲ್ಲಿದೆ, ಯಾಕೆಂದರೆ 3, 4, 5. ಮೂಲಬಿಂದುವಿನಿಂದ ಕೇಂದ್ರದ ಕಡೆ ನೇರವಾಗಿ ಹೋದರೆ ವೃತ್ತದ ಹತ್ತಿರದ ಅಂಚು 5 − 2 = 3, ದೂರದ ಅಂಚು 5 + 2 = 7. x, y ಹಿಡಿದು ಇದನ್ನೇ ಮಾಡಿ ನೋಡಿ, ಎಷ್ಟು ಬೆವರು ಬೇಕು ಅಂತ ಗೊತ್ತಾಗುತ್ತದೆ.

ಎಡವುವ ಜಾಗ ಮಾತ್ರ ಒಂದಿದೆ, ಚಿಹ್ನೆ. |z + 1 − 2i| = 3 ಕೊಟ್ಟರೆ ಕೇಂದ್ರ ಎಲ್ಲಿ? ಅವಸರದಲ್ಲಿ 1 − 2i ಅಂತ ಬರೆದುಬಿಡುತ್ತೇವೆ. ದೂರ ಯಾವಾಗಲೂ "z ಕಳೆ ಏನೋ ಒಂದು", ಅಲ್ವಾ? ಹಾಗಾಗಿ ಮೊದಲು ಕಳೆಯುವ ರೂಪಕ್ಕೆ ತನ್ನಿ: |z − (−1 + 2i)| = 3. ಕೇಂದ್ರ −1 + 2i. ಅನುಮಾನ ಬಂದರೆ ಕೇಂದ್ರ ಅಂದುಕೊಂಡಿದ್ದನ್ನು z ಜಾಗದಲ್ಲಿ ಹಾಕಿ. ಮಾಡ್ಯುಲಸ್ ಒಳಗೆ ಸೊನ್ನೆ ಬರಬೇಕು. ಬರದಿದ್ದರೆ ಅದು ಕೇಂದ್ರವೇ ಅಲ್ಲ. ಹಾಗೆಯೇ |2z − 6| = 4 ಕಂಡರೆ ತ್ರಿಜ್ಯ 4 ಅನ್ನಬೇಡಿ. z ಮುಂದಿನ 2 ಹೊರಗೆ ತೆಗೆದರೆ |z − 3| = 2. ತ್ರಿಜ್ಯ 2.

ಈಗ ಎರಡು ಮಾಡ್ಯುಲಸ್ ಇರುವ ಲೆಕ್ಕ: |z − 2 + i| = |z + 4 − 3i|. ನೋಡಲು ಭಯ ಹುಟ್ಟಿಸುವಂತಿದೆ. ಓದಿದರೆ ಏನೂ ಇಲ್ಲ. ಎಡಗಡೆ 2 − i ಇಂದ ದೂರ, ಬಲಗಡೆ −4 + 3i ಇಂದ ದೂರ, ಎರಡೂ ಸಮ. ಎರಡು ಬಿಂದುಗಳಿಂದ ಸಮ ದೂರದಲ್ಲಿರುವ ಬಿಂದುಗಳೆಲ್ಲ ಎಲ್ಲಿರುತ್ತವೆ? ಅವೆರಡನ್ನು ಸೇರಿಸುವ ರೇಖಾಖಂಡದ ಲಂಬಾರ್ಧಕದ ಮೇಲೆ. ಇದು ಹೈಸ್ಕೂಲಿನಲ್ಲೇ ಕಲಿತದ್ದು. ಹೊಸ ಬಟ್ಟೆ ಹಾಕಿಕೊಂಡು ಬಂದಿದೆ, ಅಷ್ಟೇ.

ಲಂಬಾರ್ಧಕಕ್ಕೆ ಬೇಕಾದ್ದು ಎರಡೇ ವಿಷಯ. ಒಂದು, ಮಧ್ಯಬಿಂದು: (2, −1) ಮತ್ತು (−4, 3) ರ ನಡುವೆ (−1, 1). ಇನ್ನೊಂದು, ಇಳಿಜಾರು. ಆ ರೇಖಾಖಂಡದ ಇಳಿಜಾರು 4/(−6), ಅಂದರೆ −2/3. ಅದಕ್ಕೆ ಲಂಬವಾದದ್ದರ ಇಳಿಜಾರು 3/2. ಹಾಗಾದರೆ y − 1 = (3/2)(x + 1), ಬಿಡಿಸಿದರೆ 3x − 2y + 5 = 0.

ನಂಬಿಕೆ ಬರಬೇಕಾ? ಈ ರೇಖೆಯ ಮೇಲೆ ಸುಮ್ನೆ ಯಾವುದೋ ಒಂದು ಬಿಂದು ತೆಗೆದುಕೊಳ್ಳಿ. x = 1 ಆದರೆ y = 4. ಅಲ್ಲಿಂದ (2, −1) ಗೆ ದೂರ √(1 + 25), (−4, 3) ಗೆ ದೂರ √(25 + 1). ಎರಡೂ √26. ಪರೀಕ್ಷೆಗೆ ಮಧ್ಯಬಿಂದುವನ್ನೇ ಆರಿಸಬೇಡಿ. ಮಧ್ಯಬಿಂದುವಿನ ಮೂಲಕ ಹೋಗುವ ಯಾವ ತಪ್ಪು ರೇಖೆಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ.

"ಹಾಗಾದರೆ x + iy ಬೇಡವೇ ಬೇಡವಾ?" ಅಂತ ನೀವು ಕೇಳಬಹುದು. ಬೇಕು. ಎರಡು ಕಡೆ ಬಹಳ ಬೇಕು. ಮೊದಲನೆಯದು, ಲಂಬಾರ್ಧಕ ಯಾಕೆ ನೇರ ರೇಖೆ ಅಂತ ಅದು ಚೆನ್ನಾಗಿ ತೋರಿಸುತ್ತದೆ. ಎರಡೂ ಕಡೆ ವರ್ಗ ಮಾಡಿ ಬಿಡಿಸಿದರೆ ಎಡಕ್ಕೂ x² + y², ಬಲಕ್ಕೂ x² + y². ಹೊಡೆದು ಹೋಗುತ್ತವೆ. ಉಳಿಯುವುದು ಬರೀ x, y ಮತ್ತು ಸಂಖ್ಯೆಗಳು. ವರ್ಗಗಳು ಹೋದ ಮೇಲೆ ನೇರ ರೇಖೆ ಬಿಟ್ಟು ಇನ್ನೇನು ಉಳಿದೀತು?

ಎರಡನೆಯದು, ಓದುವುದಷ್ಟೇ ಸಾಲದ ಜಾಗ. ನನಗೆ ತುಂಬ ಇಷ್ಟವಾದ ಜಾಗವೂ ಇದೇ: |z| = 2|z − 3|. ಓದಲಿಕ್ಕೇನೋ ಬರುತ್ತದೆ: ಸೊನ್ನೆಯಿಂದ ಇರುವ ದೂರ, 3 ರಿಂದ ಇರುವ ದೂರದ ಎರಡರಷ್ಟು. ಆದರೆ ಆಕಾರ ಕಣ್ಣಿಗೆ ಕಾಣುವುದಿಲ್ಲ. ಎರಡು ಮಾಡ್ಯುಲಸ್ ಕಂಡ ಕೂಡಲೇ "ಲಂಬಾರ್ಧಕ" ಅಂತ ಬರೆದರೆ ಪೂರಾ ತಪ್ಪು. ಇಲ್ಲಿ ಬೀಜಗಣಿತ ಕರೆಯಿರಿ.

```
x² + y² = 4[(x − 3)² + y²]
3x² + 3y² − 24x + 36 = 0
x² + y² − 8x + 12 = 0
(x − 4)² + y² = 4
```

ವೃತ್ತ! ಆ 2 ರಿಂದಾಗಿ ಒಂದು ಕಡೆ 4x² + 4y² ಬಂತು, ಪೂರ್ತಿ ಹೊಡೆದು ಹೋಗಲಿಲ್ಲ. ಕೇಂದ್ರ 4, ತ್ರಿಜ್ಯ 2. ಕೇಂದ್ರ 0 ಮತ್ತು 3 ರ ನಡುವೆ ಇಲ್ಲ, ಹೊರಗಿದೆ. ಇದನ್ನು ಅಪೊಲೋನಿಯಸ್ ವೃತ್ತ ಅನ್ನುತ್ತಾರೆ, ಪರ್ಗಾದ ಗ್ರೀಕ್ ಗಣಿತಜ್ಞನ ಹೆಸರಿನಲ್ಲಿ. ತಾಳೆ ನೋಡಲು ವಾಸ್ತವ ಅಕ್ಷದ ಮೇಲಿನ 2 ಮತ್ತು 6 ಸಾಕು. 2 ರಲ್ಲಿ ದೂರಗಳು 2 ಮತ್ತು 1. 6 ರಲ್ಲಿ 6 ಮತ್ತು 3. ಎರಡೂ ಕಡೆ ಎರಡರಷ್ಟು.

ಈಗ ಒಂದು ತಮಾಷೆ. |z| = 2|z − 3| ರಲ್ಲಿರುವ ಆ 2 ರ ಜಾಗದಲ್ಲಿ 1.1 ಹಾಕಿ. ವೃತ್ತ ಅಕ್ಷವನ್ನು ಕತ್ತರಿಸುವ ಜಾಗ ಸುಮಾರು 1.57 ಮತ್ತು 33. 1.01 ಹಾಕಿ. ಹತ್ತಿರದ ತುದಿ ಸುಮಾರು 1.507, ದೂರದ ತುದಿ 303 ಕ್ಕೆ ಓಡಿತು! ಒಂದಕ್ಕೆ ಹತ್ತಿರವಾದಷ್ಟೂ ವೃತ್ತ ಊದಿಕೊಳ್ಳುತ್ತಲೇ ಹೋಗುತ್ತದೆ. ನಮ್ಮ ಕಡೆಯ ಅಂಚು ಮಾತ್ರ 1.5 ರ ಹತ್ತಿರ ಬಂದು ನೆಟ್ಟಗಾಗುತ್ತಾ ಹೋಗುತ್ತದೆ. ಸರಿಯಾಗಿ 1 ಆದಾಗ ಆ ಅಂಚೇ x = 1.5 ಅನ್ನುವ ನೇರ ರೇಖೆ, 0 ಮತ್ತು 3 ರ ಲಂಬಾರ್ಧಕ.